‘ಹೌದು ಮಿಸ್’ ಅನ್ನುವಲ್ಲಿಗೆ ಚರ್ಚೆ ನಿಲ್ಲದಂತೆ ಪ್ರಶ್ನೆ ಕೇಳುವುದು: ಸೈಟಿನ ಲೆಕ್ಕದಲ್ಲಿ ನನ್ನ ಅನುಭವ

ನಾನು ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಸುತ್ತಳತೆ ಮತ್ತು ವಿಸ್ತೀರ್ಣದ ಸೂತ್ರಗಳನ್ನು ಮಕ್ಕಳು ಬೇಗ ಕಲಿತುಬಿಡುತ್ತಾರೆ. ಉದ್ದ, ಅಗಲ ಕೊಟ್ಟರೆ ಲೆಕ್ಕ ಮಾಡಿ ತೋರಿಸುತ್ತಾರೆ. ಆದರೆ ಈ ಎರಡಕ್ಕೂ ಏನು ಸಂಬಂಧ ಅನ್ನುವುದು ಬಹಳ ಮಕ್ಕಳ ತಲೆಯಲ್ಲಿ ತಪ್ಪಾಗಿ ಕೂತಿರುತ್ತದೆ. ಸುತ್ತಳತೆ ಹೆಚ್ಚಾದರೆ ಒಳಗಿನ ಜಾಗವೂ ಹೆಚ್ಚಾಗಲೇಬೇಕು ಅಂದುಕೊಂಡಿರುತ್ತಾರೆ. ಹಾಗೆ ನಂಬಿದ ದೊಡ್ಡವರೂ ಇದ್ದಾರೆ.

ಇದನ್ನು ಚರ್ಚೆಗೆ ತರಲು ಮೊದಲು ಬಾಯಿಗೆ ಬರುವ ಪ್ರಶ್ನೆ, “ಸುತ್ತಳತೆ ಹೆಚ್ಚಾದರೆ ವಿಸ್ತೀರ್ಣ ಹೆಚ್ಚಾಗುತ್ತಾ?” ಕೇಳಿದ ತಕ್ಷಣ ಇಡೀ ತರಗತಿ ಒಂದೇ ರಾಗದಲ್ಲಿ “ಹೌದು ಮಿಸ್” ಅನ್ನುತ್ತದೆ. ಅದೇ ಪ್ರಶ್ನೆಯನ್ನು ಸ್ವಲ್ಪ ಎಳೆದು, ಹುಬ್ಬೇರಿಸಿ ಇನ್ನೊಮ್ಮೆ ಕೇಳಿ ನೋಡಿ. ಅದೇ ಮಕ್ಕಳು “ಇಲ್ಲ ಮಿಸ್” ಅನ್ನುತ್ತಾರೆ. ಈ ನಡುವೆ ಅವರು ಆಯತದ ಬಗ್ಗೆ ಏನೂ ಯೋಚಿಸಿರುವುದಿಲ್ಲ. ನನ್ನ ದನಿಯನ್ನು ಓದಿರುತ್ತಾರೆ, ಅಷ್ಟೆ. ಕೇಳಿದ್ದನ್ನೇ ಟೀಚರು ಮತ್ತೆ ಕೇಳಿದರು ಅಂದರೆ ಮೊದಲು ಹೇಳಿದ್ದು ತಪ್ಪು ಅಂತ ಒಂದನೇ ತರಗತಿಯಿಂದಲೇ ಅವರಿಗೆ ಗೊತ್ತು. ಎರಡೇ ಉತ್ತರ ಇರುವ ಪ್ರಶ್ನೆಗೆ ಇಷ್ಟು ಸುಳಿವು ಸಾಕಾಗುತ್ತದೆ.

ನನಗೆ ಇದಕ್ಕಿಂತ ದೊಡ್ಡ ತೊಂದರೆ ಅನ್ನಿಸುವುದು ಇನ್ನೊಂದಿದೆ. ಈ ಪ್ರಶ್ನೆಗೆ “ಇಲ್ಲ, ಹಾಗೇನೂ ಆಗಬೇಕಿಲ್ಲ” ಅನ್ನುವುದೇ ಸರಿ ಉತ್ತರ. ಆದರೆ ‘ಇಲ್ಲ’ ಅಂದ ಮಕ್ಕಳನ್ನೆಲ್ಲ ಕೂರಿಸಿ ಕೇಳಿದರೆ ಕಾರಣಗಳು ಬೇರೆ ಬೇರೆ. ಒಬ್ಬಳು ಎರಡು ಆಯತ ಬರೆದು, ಹೋಲಿಸಿ ಹೇಳಿರುತ್ತಾಳೆ. ಇನ್ನೊಬ್ಬ, “ಸುತ್ತಳತೆ ಅಡಿಯಲ್ಲಿ, ವಿಸ್ತೀರ್ಣ ಚದರ ಅಡಿಯಲ್ಲಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ” ಅಂತಾನೆ. ಮೂರನೆಯವನು ಪಕ್ಕದವಳನ್ನು ನೋಡಿ ಹೇಳಿರುತ್ತಾನೆ. ಮೂವರ ಬಾಯಲ್ಲೂ ಒಂದೇ ಮಾತು. ಅದನ್ನು ಕೇಳಿ ನಾನು ಮುಂದಿನ ಲೆಕ್ಕಕ್ಕೆ ಹೋದರೆ ಆ ಎರಡನೇ ಹುಡುಗನ ತಪ್ಪು ತಿಳಿವಳಿಕೆ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಯಾಕಂದರೆ ಅವನು ಸೂತ್ರ ಹಾಕಿ ಸರಿಯಾಗಿಯೇ ಬರೆಯುತ್ತಾನೆ.

ಹಾಗಾದರೆ ‘ಹೌದು’ ಅಂದ ಮೇಲೆ “ಯಾಕೆ?” ಅಂತ ಕೇಳಿದರಾಯಿತಲ್ಲ ಅನ್ನಬಹುದು. ಅದು ಅಷ್ಟು ಸುಲಭವಲ್ಲ. ಬಹುತೇಕ ತರಗತಿಗಳಲ್ಲಿ ‘ಯಾಕೆ’ ಬರುವುದು ತಪ್ಪು ಉತ್ತರದ ಹಿಂದೆ ಮಾತ್ರ. ಸರಿ ಉತ್ತರಕ್ಕೆ ‘ವೆರಿ ಗುಡ್, ಕೂತ್ಕೋ’ ಸಿಗುತ್ತದೆ. ಹೀಗಾಗಿ ‘ಯಾಕೆ’ ಅಂದ ಕೂಡಲೇ ಮಗು ಕಾರಣ ಹುಡುಕುವುದಿಲ್ಲ, ಉತ್ತರ ಬದಲಿಸುತ್ತದೆ. ಅಲ್ಲದೆ ಆ ಪ್ರಶ್ನೆಯಲ್ಲಿ ಯೋಚಿಸಲು ಕೈಗೆ ಸಿಗುವಂಥದ್ದು ಏನೂ ಇಲ್ಲ. ಯಾವ ಆಯತ? ಎಷ್ಟು ಉದ್ದ? ಏನನ್ನು ನೋಡಿ ಕಾರಣ ಹೇಳಬೇಕು?

ಅದಕ್ಕೆ ನಾನು ಪ್ರಶ್ನೆಯನ್ನೇ ಬೇರೆ ರೀತಿ ಕಟ್ಟುತ್ತೇನೆ. ಹೌದೋ ಅಲ್ಲವೋ ಅನ್ನುವ ಭಾಗವನ್ನು ನಾನೇ ಮೊದಲು ಕೊಟ್ಟುಬಿಡುತ್ತೇನೆ, ಅಥವಾ ಮಕ್ಕಳು ಲೆಕ್ಕ ಮಾಡಿ ಕಂಡುಕೊಳ್ಳುವಂತೆ ಮಾಡುತ್ತೇನೆ. ಚರ್ಚೆ ಅಲ್ಲಿಂದ ಮುಂದೆ ಶುರುವಾಗುತ್ತದೆ.

ನಮ್ಮ ಮಕ್ಕಳಿಗೆ ಸೈಟಿನ ಅಳತೆ ಹೊಸದಲ್ಲ. ಮನೆಯಲ್ಲಿ ‘ಥರ್ಟಿ ಫಾರ್ಟಿ’ ಅನ್ನುವ ಮಾತು ಕೇಳಿಯೇ ಇರುತ್ತಾರೆ. ಬೋರ್ಡಿನ ಮೇಲೆ ಹೀಗೆ ಬರೆಯುತ್ತೇನೆ: “ಒಬ್ಬರದು 30 ಅಡಿಗೆ 40 ಅಡಿ ಸೈಟು. ಇನ್ನೊಬ್ಬರದು 15 ಅಡಿಗೆ 60 ಅಡಿ. ಕಾಂಪೌಂಡ್ ಕಟ್ಟಿಸಲು ಯಾರಿಗೆ ಜಾಸ್ತಿ ಖರ್ಚು? ಮನೆಗೆ ಜಾಗ ಯಾರಿಗೆ ಜಾಸ್ತಿ?” ಎಲ್ಲರೂ ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡುತ್ತಾರೆ. ಮೊದಲನೆಯದಕ್ಕೆ ಸುತ್ತಳತೆ 140 ಅಡಿ, ವಿಸ್ತೀರ್ಣ 1200 ಚದರ ಅಡಿ. ಎರಡನೆಯದಕ್ಕೆ ಸುತ್ತಳತೆ 150, ವಿಸ್ತೀರ್ಣ 900. ಸುತ್ತಳತೆ ಜಾಸ್ತಿ, ಜಾಗ ಕಡಿಮೆ. ಯಾರೂ ಊಹಿಸಬೇಕಿಲ್ಲ, ಕಣ್ಣೆದುರಿಗೇ ಇದೆ.

ಆಮೇಲೆ ಮುಖ್ಯ ಪ್ರಶ್ನೆ: “ಗೋಡೆ ಹತ್ತು ಅಡಿ ಜಾಸ್ತಿ ಕಟ್ಟಿದರೂ ಜಾಗ ಮುನ್ನೂರು ಚದರ ಅಡಿ ಕಡಿಮೆ ಆಗಿದೆ. ಆ ಜಾಗ ಎಲ್ಲಿಗೆ ಹೋಯಿತು?”

ಈ ಪ್ರಶ್ನೆಗೆ ಕೋರಸ್‌ನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಒಂದು ಪದದಲ್ಲಿ ಮುಗಿಯುವುದೂ ಇಲ್ಲ. ಚೌಕಳಿ ಹಾಳೆ ಕೊಟ್ಟು, ಒಂದು ಚೌಕಕ್ಕೆ 5 ಅಡಿ ಅಂತ ಹಿಡಿದು ಎರಡೂ ಸೈಟು ಬರೆಯಲು ಹೇಳುತ್ತೇನೆ. ಒಂದು 6ಕ್ಕೆ 8 ಚೌಕ, ಇನ್ನೊಂದು 3ಕ್ಕೆ 12. ಎರಡು ನಿಮಿಷ ಒಬ್ಬೊಬ್ಬರೇ ನೋಡಿ ಬರೆಯುತ್ತಾರೆ. ಆಮೇಲೆ ಪಕ್ಕದವರ ಜೊತೆ ಮಾತು. ಅದಾದ ಮೇಲೇ ತರಗತಿಗೆ ಹೇಳುವುದು.

ಮೊದಲ ಉತ್ತರ ಸಾಮಾನ್ಯವಾಗಿ “ಅಗಲ ಕಡಿಮೆ ಆಯ್ತು ಮಿಸ್” ಅಂತ ಬರುತ್ತದೆ. ಸರಿಯಾದ ಮಾತೇ, ಆದರೆ ಅರ್ಧ. ನಾನು ಸರಿ ಅಂತಲೂ ಹೇಳುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ. “ಉದ್ದ ಜಾಸ್ತಿ ಆಯ್ತಲ್ಲ, ಅದು ಯಾಕೆ ಸರಿದೂಗಿಸಲಿಲ್ಲ?” ಅಂತ ಕೇಳುತ್ತೇನೆ. ಒಂದು ಸಲ ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಹಾಳೆ ಹಿಡಿದುಕೊಂಡು ಬಂದಳು. “ಮಿಸ್, ಉದ್ದದ ಸೈಟಲ್ಲಿ ಹೆಚ್ಚುಕಮ್ಮಿ ಎಲ್ಲಾ ಚೌಕಾನೂ ಗೋಡೆಗೆ ತಾಗಿವೆ. ಥರ್ಟಿ ಫಾರ್ಟೀಲಿ ಮಧ್ಯದಲ್ಲಿ ಗೋಡೆಗೆ ತಾಗದೇ ಇರೋವು ಜಾಸ್ತಿ ಇವೆ” ಅಂದಳು. ಎಲ್ಲರೂ ಎಣಿಸಿದರು. ಒಂದರಲ್ಲಿ ಗೋಡೆಗೆ ತಾಗದ ಚೌಕ 24, ಇನ್ನೊಂದರಲ್ಲಿ 10. ಹಿಂದಿನಿಂದ ಒಬ್ಬ ಹುಡುಗ ಎದ್ದು, “ಹಾಗಾದ್ರೆ ಇನ್ನೂ ಸಣ್ಣ ಮಾಡಿದ್ರೆ ಒಳಗೆ ಏನೂ ಉಳಿಯಲ್ಲ. 1 ಅಡಿಗೆ 69 ಅಡಿ ಮಾಡಿದ್ರೂ ಗೋಡೆ 140 ಅಡೀನೇ, ಜಾಗ ಮಾತ್ರ 69 ಚದರ ಅಡಿ” ಅಂದ. ಆ ಅಳತೆಯನ್ನು ನಾನು ಕೊಟ್ಟಿರಲಿಲ್ಲ. ಅವನೇ ಹುಡುಕಿದ್ದು. ಹೀಗೆ ಮಕ್ಕಳು ತಾವೇ ಉದಾಹರಣೆ ತಂದರೆ ಪ್ರಶ್ನೆ ಕೆಲಸ ಮಾಡುತ್ತಿದೆ ಅಂತ ನನಗೆ ಗೊತ್ತಾಗುತ್ತದೆ. ಅದಕ್ಕಿಂತ ಒಳ್ಳೆಯ ಗುರುತು ನಾನು ಕಂಡಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇನ್ನೊಂದು ತಪ್ಪು ಹುಟ್ಟುತ್ತದೆ. “ಸುತ್ತಳತೆ ಜಾಸ್ತಿಯಾದರೆ ಜಾಗ ಕಡಿಮೆ” ಅಂತ ಕೆಲವರು ಹೊಸ ನಿಯಮ ಮಾಡಿಕೊಳ್ಳುತ್ತಾರೆ. ಅದಕ್ಕೆ ಎರಡನೇ ಪ್ರಶ್ನೆ ತಯಾರಿರಬೇಕು: “ಸುತ್ತಳತೆ ಹೆಚ್ಚಾದಾಗ ಜಾಗವೂ ಹೆಚ್ಚಾಗುವುದು ಯಾವಾಗ, ಆಗದೇ ಇರುವುದು ಯಾವಾಗ? ಎರಡಕ್ಕೂ ಒಂದೊಂದು ಸೈಟು ಕೊಡಿ.” ‘ಆಗುತ್ತಾ’ ಅನ್ನುವುದು ‘ಯಾವಾಗ ಆಗುತ್ತದೆ’ ಎಂದಾದರೆ ಸಾಕು, ಮಕ್ಕಳು ಗಡಿ ಹುಡುಕಲು ಶುರು ಮಾಡುತ್ತಾರೆ. 30ಕ್ಕೆ 50 ಮಾಡಿದರೆ ಸುತ್ತಳತೆ 160, ಜಾಗ 1500, ಎರಡೂ ಹೆಚ್ಚಾಯಿತು. 20ಕ್ಕೆ 60 ಮಾಡಿದರೆ ಸುತ್ತಳತೆ 160 ಆದರೂ ಜಾಗ ಅದೇ 1200. ಈ ಕೊನೆಯದು ಸಿಕ್ಕಾಗ ತರಗತಿಯಲ್ಲಿ ಗದ್ದಲ. ಕೊನೆಗೆ ಮಕ್ಕಳ ಮಾತಿನಲ್ಲೇ ಒಂದು ತೀರ್ಮಾನ ಬರುತ್ತದೆ: ಒಂದು ಬದಿ ಹಾಗೇ ಇದ್ದು ಇನ್ನೊಂದು ಹೆಚ್ಚಾದರೆ, ಅಥವಾ ಎರಡೂ ಹೆಚ್ಚಾದರೆ, ಜಾಗ ಖಂಡಿತ ಹೆಚ್ಚಾಗುತ್ತದೆ. ಒಂದು ಹೆಚ್ಚಾಗಿ ಇನ್ನೊಂದು ಕಡಿಮೆ ಆದರೆ ಲೆಕ್ಕ ಮಾಡದೆ ಹೇಳಲು ಆಗುವುದಿಲ್ಲ.

ಇದರಲ್ಲಿ ಕಾಯುವುದು ದೊಡ್ಡ ಕೆಲಸ. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಅಥವಾ ಇನ್ನೂ ಜಾಸ್ತಿ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಅಂತ ಅವರು ಕಂಡರು. ಮಗು ಉತ್ತರ ಹೇಳಿದ ಮೇಲೂ ಹಾಗೆಯೇ ಕಾಯಬೇಕು ಅನ್ನುವುದು ಅವರ ಇನ್ನೊಂದು ಮಾತು. ನನಗೆ ಅದು ಹೆಚ್ಚು ಉಪಯೋಗಕ್ಕೆ ಬಂದಿದೆ. ಒಂದು ವಾಕ್ಯ ಹೇಳಿ ಮಗು ನನ್ನ ಮುಖ ನೋಡುತ್ತದೆ. ನಾನು ತಕ್ಷಣ ‘ಗುಡ್’ ಅನ್ನದೆ ಸುಮ್ನೆ ನಿಂತರೆ, “ಯಾಕಂದ್ರೆ ಮಿಸ್...” ಅಂತ ಅದೇ ಮುಂದುವರಿಸುತ್ತದೆ. ಆದರೆ ‘ಹೌದಾ, ಅಲ್ವಾ’ ಪ್ರಶ್ನೆಗೆ ಎಷ್ಟು ಕಾದರೂ ಪ್ರಯೋಜನವಿಲ್ಲ. ಹೇಳಲು ಇನ್ನೇನೂ ಉಳಿದಿರುವುದಿಲ್ಲ.

ಪ್ರಶ್ನೆಯನ್ನು ತೀರಾ ತೆರೆದರೂ ಕೆಡುತ್ತದೆ. “ವಿಸ್ತೀರ್ಣದ ಬಗ್ಗೆ ನಿಮಗೇನು ಅನ್ನಿಸುತ್ತದೆ?” ಅಂದರೆ ಮಕ್ಕಳು ತಲೆ ತಗ್ಗಿಸುತ್ತಾರೆ. ಎಲ್ಲಿಂದ ಶುರು ಮಾಡಬೇಕು ಅಂತಲೇ ಅವರಿಗೆ ಗೊತ್ತಾಗುವುದಿಲ್ಲ. ನೋಡಲು ಒಂದು ವಸ್ತು, ಲೆಕ್ಕ ಅಥವಾ ಸಂಗತಿ ಕೈಯಲ್ಲಿರಬೇಕು, ಅದರಲ್ಲಿ ಒಂದು ವಿಚಿತ್ರ ಇರಬೇಕು. ಗೋಡೆ ಹೆಚ್ಚಾಗಿ ಜಾಗ ಕಡಿಮೆ ಆದದ್ದು ಅಂಥ ವಿಚಿತ್ರ.

ಗಣಿತಕ್ಕೆ ಮಾತ್ರ ಇದು ಸಾಧ್ಯ ಅಂದುಕೊಳ್ಳಬೇಡಿ. ಸಮಾಜ ವಿಜ್ಞಾನ ಹೇಳುವ ನಮ್ಮ ಸಹೋದ್ಯೋಗಿಯೊಬ್ಬರು, ಸಾಮ್ರಾಟ ಅಶೋಕನ ಬಗೆಗಿನ ಪಾಠಕ್ಕೆ ಒಂದು ಪ್ರಶ್ನೆ ಬೇಕು ಅಂದಾಗ ಇಬ್ಬರೂ ಕೂತು ಯೋಚಿಸಿದೆವು. “ಕಳಿಂಗ ಯುದ್ಧದ ನಂತರ ಅಶೋಕ ಬದಲಾದನೇ?” ಅಂದರೆ ‘ಹೌದು ಸರ್’, ಮುಗಿಯಿತು. ಆದರೆ ಒಂದು ಸಂಗತಿ ಇದೆ. ಕಳಿಂಗದ ಸಾವುನೋವಿಗೆ ತಾನು ಪಟ್ಟ ದುಃಖವನ್ನು ಅಶೋಕ ಹೇಳಿಕೊಂಡಿರುವುದು 13ನೇ ಬಂಡೆ ಶಾಸನದಲ್ಲಿ. ಕಳಿಂಗದ ನೆಲದಲ್ಲೇ ಇರುವ ಧೌಲಿ ಮತ್ತು ಜೌಗಡದಲ್ಲಿ ಆ ಶಾಸನವನ್ನು ಕೆತ್ತಿಸಿಲ್ಲ. ಅಲ್ಲಿ ಬೇರೆ ಶಾಸನಗಳಿವೆ. ಅವುಗಳಲ್ಲಿ ಪ್ರಜೆಗಳೆಲ್ಲ ನನ್ನ ಮಕ್ಕಳು ಅನ್ನುವ ಮಾತಿದೆ, ಅಧಿಕಾರಿಗಳು ನ್ಯಾಯವಾಗಿ ನಡೆದುಕೊಳ್ಳಬೇಕು ಅನ್ನುವ ಸೂಚನೆ ಇದೆ. ಅವರು ಇದನ್ನು ಮಕ್ಕಳಿಗೆ ಹೇಳಿ, “ಸೋತವರ ಊರಿನಲ್ಲೇ ಆ ಮಾತನ್ನು ಯಾಕೆ ಬರೆಸಿರಲಿಕ್ಕಿಲ್ಲ? ಅದರ ಬದಲು ಇದನ್ನು ಯಾಕೆ ಬರೆಸಿರಬಹುದು?” ಅಂತ ಕೇಳಿದರು. ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ. “ಗಾಯ ಮತ್ತೆ ಕೆದಕಿದ ಹಾಗಾಗುತ್ತೆ ಸರ್” ಅಂತ ಒಬ್ಬಳು, “ಜನ ದಂಗೆ ಏಳ್ತಾರೆ ಅಂತ ಹೆದರಿಕೆ ಇರ್ಬಹುದು” ಅಂತ ಇನ್ನೊಬ್ಬ. ಇಬ್ಬರೂ ತಮ್ಮ ಮಾತಿಗೆ ಆಧಾರ ಹುಡುಕಬೇಕಾಯಿತು.

ಹೌದು-ಇಲ್ಲ ಪ್ರಶ್ನೆಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಚರ್ಚೆಗೆ ಮೊದಲು ಯಾರು ಎಲ್ಲಿದ್ದಾರೆ ಅಂತ ತಿಳಿಯಲು ಅದು ಬೇಕು. ಆದರೆ ಬಾಯಲ್ಲಿ ಹೇಳಿಸುವುದಿಲ್ಲ. ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದು ಮುಚ್ಚಿಡಿ ಅನ್ನುತ್ತೇನೆ. ಚರ್ಚೆ ಮುಗಿದ ಮೇಲೆ ಅದೇ ಪುಟದಲ್ಲಿ, “ಈಗಲೂ ಅದೇ ಅನ್ನುತ್ತೀರಾದರೆ ಕಾರಣ ಬರೆಯಿರಿ, ಬದಲಾಗಿದ್ದರೆ ಯಾವ ಸೈಟು ನೋಡಿ ಬದಲಾಯಿತು ಬರೆಯಿರಿ” ಅಂತ ಹೇಳುತ್ತೇನೆ. ಚದರ ಅಡಿಗೂ ಅಡಿಗೂ ಸಂಬಂಧ ಇಲ್ಲ ಅಂದ ಹುಡುಗನಂಥವರು ಅಲ್ಲಿ ಸಿಗುತ್ತಾರೆ.

ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಇಂಥ ಪ್ರಶ್ನೆ ಒಂದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಪಾಠ ಮುಗಿಸುವ ಒತ್ತಡ ಇರುವಾಗ ನಾನು ಒಂದು ಅಧ್ಯಾಯಕ್ಕೆ ಎರಡೋ ಮೂರೋ ಆರಿಸಿಕೊಳ್ಳುತ್ತೇನೆ. ಮಕ್ಕಳು ಸಾಮಾನ್ಯವಾಗಿ ಎಡವುವ ಜಾಗಕ್ಕೇ ಅವನ್ನು ಇಡುತ್ತೇನೆ. ಹಿಂದಿನ ದಿನವೇ ಪಾಠ ಟಿಪ್ಪಣಿಯಲ್ಲಿ ಅಕ್ಷರಶಃ ಬರೆದಿಡುತ್ತೇನೆ, ಯಾಕಂದರೆ ತರಗತಿಯಲ್ಲಿ ನಿಂತು ಕಟ್ಟಲು ಹೋದರೆ ಬಾಯಿಗೆ ‘ಅಲ್ವಾ?’ ಬಂದೇ ಬರುತ್ತದೆ.