ಹೊಸಬರಿಗೆ ಮಾರ್ಗದರ್ಶಿ: ಮಕ್ಕಳ ಹಾಲು, ಹಣ್ಣು, ತರಕಾರಿ – ಲೋಟ, ಬಟ್ಟಲಿನ ಲೆಕ್ಕದಲ್ಲಿ

ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿ ಕೆಲಸಕ್ಕೆ ಬಂದು ಕೋಲಾರದಲ್ಲಿ ಮನೆ ಮಾಡಿದವರು ನಮ್ಮ ಸಂಘಕ್ಕೆ ಬಂದಾಗ ಬಾಡಿಗೆ, ಶಾಲೆ ವಿಚಾರ ಮುಗಿದ ಮೇಲೆ ಕೇಳುವುದು ಮಕ್ಕಳ ಊಟದ ಬಗ್ಗೆ. ದಿನಕ್ಕೆ ಎಷ್ಟು ಹಾಲು ಕೊಡಬೇಕು? ತರಕಾರಿ ಎಷ್ಟು ಸಾಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದಕ್ಕೆ ಪಟ್ಟಿ ಮಾಡಿದೆ. ಆದರೆ ಅದೆಲ್ಲ ಗ್ರಾಂ, ಮಿಲಿಲೀಟರ್ ಲೆಕ್ಕ. ಅದನ್ನು ಮನೆಯ ಪಾತ್ರೆಗೆ ಇಳಿಸುವುದು ಹೇಗೆ ಅಂತ ಇಲ್ಲಿ ಬರೆದಿದ್ದೇವೆ. 2024ರಲ್ಲಿ ಅವರ ಹೊಸ ಮಾರ್ಗಸೂಚಿ ಬಂದಿದೆ, ಅಂಕಿಗಳಲ್ಲಿ ವ್ಯತ್ಯಾಸವಿದೆ. ನಾವು 2011ರ ಪಟ್ಟಿಯನ್ನೇ ಹಿಡಿದಿದ್ದೇವೆ. ಅದರಲ್ಲಿ ಹಾಲು, ಹಣ್ಣು, ತರಕಾರಿ ಎಲ್ಲಕ್ಕೂ ಒಂದು ಪಾಲು ಅಂದರೆ 100. ಅಡುಗೆಮನೆಗೆ ಅದೇ ಸುಲಭ.

ಮೊದಲು ನಿಮ್ಮ ಲೋಟ ಎಷ್ಟು ಹಿಡಿಯುತ್ತದೆ ನೋಡಿಕೊಳ್ಳಿ. ಸ್ಟೀಲ್ ಲೋಟಗಳಲ್ಲಿ 100 ಮಿ.ಲೀ.ನದೂ ಇದೆ, 300ರದೂ ಇದೆ. ಅರ್ಧ ಲೀಟರ್ ನಂದಿನಿ ಹಾಲನ್ನು ಕಾಯಿಸುವ ಮುಂಚೆ ತೊಳೆದ ಲೋಟಕ್ಕೆ ತುಂಬಿ ತುಂಬಿ ಪಾತ್ರೆಗೆ ಹಾಕಿ. ಎರಡೂವರೆ ಲೋಟ ಆದರೆ ನಿಮ್ಮದು 200 ಮಿ.ಲೀ. ಲೋಟ. ಊಟದ ಬಟ್ಟಲನ್ನೂ ಹೀಗೇ ನೋಡಿ. ಮೂರು ಬಟ್ಟಲು ತುಂಬಿ ಸ್ವಲ್ಪ ಮಿಕ್ಕರೆ ಅದು 150 ಮಿ.ಲೀ.ನದು. ಮುಂದೆ ನಾವು ಲೋಟ ಅಂದರೆ 200, ಬಟ್ಟಲು ಅಂದರೆ 150.

ಒಂದು ವರ್ಷ ದಾಟಿದ ಮೇಲೆ ಹಾಲಿನ ಲೆಕ್ಕ ಬದಲಾಗುವುದೇ ಇಲ್ಲ. 1ರಿಂದ 18 ವರ್ಷದವರೆಗೂ ದಿನಕ್ಕೆ 500 ಮಿ.ಲೀ., ಮೊಸರೂ ಸೇರಿ. ಹಣ್ಣೂ ಅಷ್ಟೇ, ಎಲ್ಲ ವಯಸ್ಸಿಗೂ 100 ಗ್ರಾಂ. ವಯಸ್ಸಿನ ಜೊತೆ ಏರುವುದು ತರಕಾರಿ. 1ರಿಂದ 3 ವರ್ಷದ ಮಗುವಿಗೆ ಸೊಪ್ಪು 50 ಗ್ರಾಂ, ಆಲೂಗಡ್ಡೆ, ಕ್ಯಾರೆಟ್‌ನಂಥ ಗೆಡ್ಡೆ 50, ಬೇರೆ ತರಕಾರಿ 50. 4ರಿಂದ 6ಕ್ಕೆ ಸೊಪ್ಪು ಅಷ್ಟೇ, ಗೆಡ್ಡೆಯೂ ತರಕಾರಿಯೂ 100 ಆಗುತ್ತವೆ. 7ರಿಂದ 9ಕ್ಕೆ ಮೂರೂ 100. ಹತ್ತು ತುಂಬಿದರೆ ಬೀನ್ಸ್, ಬದನೆ, ಹೀರೆಯಂಥ ತರಕಾರಿ 200ಕ್ಕೆ ಹೋಗುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಈ ಲೆಕ್ಕ ಹಾಕಬೇಡಿ. ಆರು ತಿಂಗಳವರೆಗೆ ತಾಯಿ ಹಾಲು ಮಾತ್ರ. ಆಮೇಲೆ ಏನು ಶುರು ಮಾಡಬೇಕು ಅಂತ ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯನ್ನೋ ಕೇಳಿ.

ಒಂದು ಮನೆಯ ಲೆಕ್ಕ ನೋಡೋಣ. ಐದು ವರ್ಷದ ಮಗಳು, ಸರ್ಕಾರಿ ಶಾಲೆಗೆ ಹೋಗುವ ಒಂಬತ್ತು ವರ್ಷದ ಮಗ, ಅಪ್ಪ, ಅಮ್ಮ. ಮಗನಿಗೆ ಬೆಳಿಗ್ಗೆ ಒಂದು ಲೋಟ ಹಾಲು, ಅಂದರೆ 200. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು 150. ಹಾಲಿನ ಪುಡಿಯಿಂದ ಮಾಡಿದ್ದು ಅಂತ ಅದನ್ನು ಬಿಡಬೇಡಿ, ಲೆಕ್ಕಕ್ಕೆ ಬರುತ್ತದೆ. ರಾತ್ರಿ ಅನ್ನಕ್ಕೆ ಒಂದು ಬಟ್ಟಲು ಗಟ್ಟಿ ಮೊಸರು 150. ಅಲ್ಲಿಗೆ 500 ಆಯಿತು. ಮಗಳಿಗೆ ಮನೆಯಲ್ಲೇ ಪೂರ್ತಿ: ಎರಡು ಹೊತ್ತು ಮುಕ್ಕಾಲು ಮುಕ್ಕಾಲು ಲೋಟ ಹಾಲು, ಒಂದು ಲೋಟದಷ್ಟು ಮೊಸರು. ಇಬ್ಬರಿಗೂ ಸೇರಿ ಮನೆಗೆ 850 ಮಿ.ಲೀ. ಬೇಕು. ಎರಡು ಅರ್ಧ ಲೀಟರ್ ಪ್ಯಾಕೆಟ್ ತಂದರೆ ದೊಡ್ಡವರ ಕಾಫಿಗೂ ಮಿಗುತ್ತದೆ. ಶಾಲೆಯಲ್ಲಿ ಹಾಲು ಸಿಗದ ದಿನ ಮಾತ್ರ ಮಗನ ಆ 150 ಮನೆಯಿಂದಲೇ ಕೊಡಬೇಕು.

ಲೆಕ್ಕ ತಪ್ಪುವುದು ನೀರು ಸೇರಿದಾಗ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಹಾಕಿ ಕಡೆದ ಮಜ್ಜಿಗೆ ಒಂದು ಲೋಟ ಕುಡಿದರೆ ಒಳಗೆ ಹೋದದ್ದು 50 ಮಿ.ಲೀ. ಹಾಲಿನ ಸತ್ವ ಮಾತ್ರ. ಮಗುವಿಗೆ ಅಂತ ಹಾಲಿಗೆ ಅರ್ಧ ನೀರು ಬೆರೆಸುವವರೂ ಇದ್ದಾರೆ. ನೀರು ಹಾಕುವ ಮುಂಚಿನ ಹಾಲನ್ನೇ ಅಳೆಯಿರಿ. ಟೀ, ಕಾಫಿಯಲ್ಲಿರುವ ಹಾಲನ್ನು ಸೇರಿಸಲೇಬೇಡಿ. ಮಕ್ಕಳಿಗೆ ಅದು ಬೇಕಾಗಿಯೂ ಇಲ್ಲ.

ಇನ್ನು ತರಕಾರಿ. ಪಟ್ಟಿಯಲ್ಲಿರುವ ಗ್ರಾಂ ಬೇಯಿಸುವ ಮುಂಚಿನದು, ಸಿಪ್ಪೆ, ಬೇರು, ಒರಟು ದಂಟು ತೆಗೆದ ಮೇಲಿನದು. ಇದನ್ನು ಮರೆತರೆ ಸೊಪ್ಪಿನಲ್ಲಿ ಮೋಸ ಹೋಗುತ್ತೀರಿ. ಸಂತೆಯಲ್ಲಿ ದೊಡ್ಡದಾಗಿ ಕಾಣುವ ಕಟ್ಟು ಬಿಡಿಸಿದ ಮೇಲೆ ಎಷ್ಟೋ ಇಳಿಯುತ್ತದೆ. ಒಂದು ಸಲ ಬಿಡಿಸಿದ ಎಲೆಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ನೋಡಿ. ಆಮೇಲೆ ಕಣ್ಣಳತೆ ಸಾಕು. 100 ಗ್ರಾಂ ಪಾಲಕ್ ಎಲೆ ಬೆಂದ ಮೇಲೆ ಮುಕ್ಕಾಲು ಬಟ್ಟಲಿಗೆ ಕುಗ್ಗುತ್ತದೆ. ಬೀನ್ಸ್ ಅಷ್ಟು ಕುಗ್ಗುವುದಿಲ್ಲ, 100 ಗ್ರಾಂ ಬೆಂದರೆ ಒಂದು ಬಟ್ಟಲು ತುಂಬುತ್ತದೆ. ಗೆಡ್ಡೆಗೆ ಒಂದು ಮಧ್ಯಮ ಆಲೂಗಡ್ಡೆ, ಇಲ್ಲವೇ ಒಂದೂವರೆ ಕ್ಯಾರೆಟ್.

ಈ ಕಡೆಯ ಮಸ್ಸೊಪ್ಪು ಮಕ್ಕಳಿಗೆ ಹೇಳಿ ಮಾಡಿಸಿದ ಅಡುಗೆ. ಬೇಳೆ ಜೊತೆ ಮಸೆದ ಎಲೆಯನ್ನು ತಟ್ಟೆಯ ಅಂಚಿಗೆ ಆರಿಸಿ ಇಡಲು ಆಗುವುದಿಲ್ಲ, ಅಲ್ವಾ? ನಮ್ಮ ಲೆಕ್ಕದ ಮನೆಯಲ್ಲಿ ಮಗಳಿಗೆ 50, ಉಳಿದ ಮೂವರಿಗೆ ತಲಾ 100, ಒಟ್ಟು 350 ಗ್ರಾಂ ಬಿಡಿಸಿದ ಎಲೆ ಹಾಕಬೇಕು. ಮಡಕೆಯಲ್ಲಿರುವುದನ್ನು ಏಳು ಪಾಲು ಮಾಡಿದರೆ ಮಗಳಿಗೆ ಒಂದು, ಬೇರೆಯವರಿಗೆ ಎರಡೆರಡು. ಬಸ್ಸಾರು ಮಾಡುವ ದಿನ ಸೊಪ್ಪು ಪಲ್ಯಕ್ಕೆ, ಬಸಿದ ನೀರು ಸಾರಿಗೆ. ಸೊಪ್ಪಿನಿಂದ ನೀರಿಗೆ ಇಳಿದ ಜೀವಸತ್ವವೂ ಚೆಲ್ಲಿ ಹೋಗುವುದಿಲ್ಲ. ಆದರೆ ಮಗುವಿಗೆ ಮುದ್ದೆ ಜೊತೆ ಬರೀ ಸಾರು ಹಾಕಿ ಪಲ್ಯ ಬಿಟ್ಟರೆ ಸೊಪ್ಪು ತಿಂದ ಹಾಗಾಗುವುದಿಲ್ಲ. ತಿಳಿಸಾರಿಗೂ ಇದೇ ಮಾತು. ಕೋಲಾರದ ಟೊಮೇಟೊ ಎಷ್ಟೇ ಹಾಕಿ, ಸೋಸಿ ಬಡಿಸಿದರೆ ತರಕಾರಿ ಲೆಕ್ಕಕ್ಕೆ ಬರುವುದಿಲ್ಲ. ಸೊಪ್ಪು ದಿನಾ ಆಗದಿದ್ದರೆ ಚಿಂತೆ ಬೇಡ, ದಿನ ಬಿಟ್ಟು ದಿನ ಜಾಸ್ತಿ ಮಾಡಿ, ವಾರದ ಲೆಕ್ಕ ಸರಿಯಾದರೆ ಸಾಕು.

ಹಣ್ಣು ಸುಲಭ. 100 ಗ್ರಾಂ ಅಂದರೆ ಎರಡು ಏಲಕ್ಕಿ ಬಾಳೆ, ಒಂದು ಮಧ್ಯಮ ಸೀಬೆ, ಅಥವಾ ಒಂದು ಬಟ್ಟಲು ದ್ರಾಕ್ಷಿ. ಶ್ರೀನಿವಾಸಪುರದ ಮಾವು ಬರುವ ಕಾಲದಲ್ಲಿ ಈ ಲೆಕ್ಕ ಯಾರೂ ಇಡುವುದಿಲ್ಲ, ಇಡಬೇಕಾಗಿಯೂ ಇಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ದ್ರಾಕ್ಷಿಯನ್ನು ಇಡಿಯಾಗಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ಸೀಳಿ ಕೊಡಿ.

ಹಾಲು ಕಡಿಮೆ ಆಗುವುದಕ್ಕಿಂತ ನಮಗೆ ಹೆಚ್ಚು ಯೋಚನೆ ಹಾಲು ಜಾಸ್ತಿ ಆಗುವುದರ ಬಗ್ಗೆ. ಎರಡು ವರ್ಷದ ಮಗು ಊಟ ಮಾಡಲ್ಲ ಅಂತ ಬಾಟಲಿಯಲ್ಲಿ ಒಂದು ಲೀಟರ್ ಹಾಲು ಕೊಟ್ಟರೆ ಹೊಟ್ಟೆ ತುಂಬಿ ಇನ್ನಷ್ಟು ಊಟ ಬಿಡುತ್ತದೆ. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಮಗು ದುಂಡಗೆ ಕಂಡರೂ ರಕ್ತ ಕಡಿಮೆಯಾಗುತ್ತದೆ. ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಚಿಕೊಂಡಿರುವುದು, ಮಣ್ಣು, ಸುಣ್ಣ ತಿನ್ನುವುದು, ಆಟಕ್ಕೆ ಬೇಗ ಸುಸ್ತಾಗುವುದು ಇದರ ಗುರುತು. ಮಲಬದ್ಧತೆಯೂ ಇರಬಹುದು. ಹೀಗಿದ್ದರೆ ಹಾಲನ್ನು ಎರಡೂವರೆ ಲೋಟಕ್ಕೆ ಇಳಿಸಿ, ಊಟಕ್ಕೆ ಮುಂಚೆ ಕೊಡದೆ ಊಟ ಆದ ಮೇಲೆ ಕೊಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಮಗು ದಿನಕ್ಕೆ ಎಷ್ಟು ಲೋಟ ಹಾಲು ಕುಡಿಯುತ್ತದೆ ಅಂತ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.