ಹತ್ತು ವರ್ಷಗಳ ಷೇರು ಲಾಭ: ಬೆಲೆಯ ಚಾರ್ಟ್ ನೋಡಿದರೆ ಸಾಲದು

ಬೆಲೆಯ ಚಾರ್ಟ್ ಸಾಮಾನ್ಯವಾಗಿ ಷೇರುಗಳ ಸಂಖ್ಯೆಯನ್ನು ಹೆಚ್ಚಿಸುವ ಬೋನಸ್ ಹಾಗೂ ಸ್ಪ್ಲಿಟ್‌ಗಳಿಗೆ ಸರಿಹೊಂದಿಸಿದ್ದಾಗಿರುತ್ತದೆ. ಲಾಭಾಂಶವನ್ನು ಅದು ಹೆಚ್ಚಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಲಾಭಾಂಶ ಹೆಚ್ಚು ಕೊಡುವ ಷೇರು ಚಾರ್ಟಿನಲ್ಲಿ ಇರುವುದಕ್ಕಿಂತ ಸಪ್ಪೆಯಾಗಿ ಕಾಣುತ್ತದೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. 100 ರೂಪಾಯಿಯ 1,000 ಷೇರುಗಳನ್ನು ಕೊಂಡಿರಿ, ಬೆಲೆ ಹತ್ತು ವರ್ಷಗಳಲ್ಲಿ ಸಮನಾಗಿ ಏರಿ 200 ಆಯಿತು ಎಂದರೆ ಬೆಲೆಯ ಲಾಭ ವರ್ಷಕ್ಕೆ ಸುಮಾರು ಶೇ. 7.2. ಪ್ರತಿ ವರ್ಷಾಂತ್ಯದ ಬೆಲೆಯ ಶೇ. 4ರಷ್ಟು ಲಾಭಾಂಶ ಬಂದು, ಅದರಿಂದ ಅದೇ ಷೇರನ್ನು ಕೊಂಡರೆ, ಷೇರುಗಳ ಸಂಖ್ಯೆ 1,480ಕ್ಕೆ ಏರಿ ಮೌಲ್ಯ 2,96,000 ರೂಪಾಯಿಯಾಗುತ್ತದೆ, ಅಂದರೆ ವರ್ಷಕ್ಕೆ ಸುಮಾರು ಶೇ. 11.5. ಲಾಭಾಂಶವನ್ನು ಖಾತೆಯಲ್ಲೇ ಬಿಟ್ಟಿದ್ದರೆ ಸಿಗುತ್ತಿದ್ದುದು ಸುಮಾರು 2,60,000. ಉಳಿದ ವ್ಯತ್ಯಾಸ ಮರುಹೂಡಿಕೆಯದು.

ನಿಮ್ಮ ಷೇರಿಗೆ ಲೆಕ್ಕ ಹಾಕುವಾಗ, ಪ್ರತಿ ಲಾಭಾಂಶವನ್ನೂ ಎಕ್ಸ್-ಡೇಟ್ ದಿನದ, ಅಂದರೆ ಷೇರು ಕೊಂಡವರಿಗೆ ಆ ಲಾಭಾಂಶ ಸಿಗದಿರುವ ಮೊದಲ ದಿನದ, ಬೆಲೆಯಿಂದ ಭಾಗಿಸಿ, ಬಂದ ಭಾಗದಷ್ಟು ಷೇರುಗಳನ್ನು ಹೆಚ್ಚಿಸುತ್ತಾ ಹೋಗಿ. ಹಳೆಯ ಲಾಭಾಂಶವನ್ನು ಸ್ಪ್ಲಿಟ್‌ಗೆ ಸರಿಹೊಂದಿಸದೆ, ಸರಿಹೊಂದಿಸಿದ ಬೆಲೆಯಿಂದ ಭಾಗಿಸುವುದೇ ಇಲ್ಲಿ ಪದೇ ಪದೇ ಆಗುವ ತಪ್ಪು; ಒಂದೇ ವರ್ಷ ಶೇ. 20, 30ರಷ್ಟು ಲಾಭಾಂಶ ಕಂಡರೆ ಮೊದಲು ಅದನ್ನೇ ಪರೀಕ್ಷಿಸಿ.

2020ರ ಏಪ್ರಿಲ್‌ನಿಂದ ಲಾಭಾಂಶಕ್ಕೆ ಹೂಡಿಕೆದಾರರೇ ತೆರಿಗೆ ಕಟ್ಟಬೇಕು. ಶೇ. 30ರ ಹಂತದಲ್ಲಿರುವವರಿಗೆ, ಸೆಸ್ ಬಿಟ್ಟರೂ, ಮೇಲಿನ 2,96,000 ಸುಮಾರು 2,63,600ಕ್ಕೆ ಇಳಿಯುತ್ತದೆ.