ಉಯ್ಯಾಲೆ ಆಡಿದ ತೂಕ: ಫೀಡ್ ಘಟಕದ ಪ್ಲಾಟ್‌ಫಾರ್ಮ್‌ಗೆ ಪಿಎಲ್‌ಸಿ ಕಟ್ಟಿದ ಕಥೆ

ಹಾಸನದ ಕಡೆ ಒಂದು ಸಣ್ಣ ಪಶು ಆಹಾರದ ಘಟಕ. ಜೋಳ, ಹಿಂಡಿ, ತವುಡು ಎಲ್ಲವನ್ನೂ ಒಂದು ಟ್ರಾಲಿಗೆ ಅಳೆದು ಹಾಕಿ ಮಿಕ್ಸರ್‌ಗೆ ಕೊಡುತ್ತಾರೆ. ಟ್ರಾಲಿ ನಿಲ್ಲುವ ಜಾಗದಲ್ಲಿ 600 ಕೆಜಿಯ ಪ್ಲಾಟ್‌ಫಾರ್ಮ್ ಸ್ಕೇಲ್. ಅದರ ಹಳೆಯ ಇಂಡಿಕೇಟರ್ ತೆಗೆದು, ತೂಕವನ್ನು ನೇರ ಯಂತ್ರಗಳನ್ನು ನಡೆಸುವ ಕಂಪ್ಯೂಟರ್ ಆದ ಪಿಎಲ್‌ಸಿಗೆ ತರುವ ಕೆಲಸ ನನಗೆ ಬಂತು. ಎರಡು ದಿನದ ಕೆಲಸ ಅಂದುಕೊಂಡು ಹೋಗಿದ್ದೆ. ಎರಡು ವಾರ ಹಿಡಿಯಿತು.

ಪ್ಲಾಟ್‌ಫಾರ್ಮ್ ಕೆಳಗೆ ಭಾರವನ್ನು ಸಣ್ಣ ವೋಲ್ಟೇಜ್ ಆಗಿ ಬದಲಿಸುವ ನಾಲ್ಕು ಲೋಡ್ ಸೆಲ್, ಒಂದೊಂದು 500 ಕೆಜಿಯದು, 2 ಮಿಲಿವೋಲ್ಟ್ ಪರ್ ವೋಲ್ಟ್. ನಾವು ಕೊಡುವ ವೋಲ್ಟೇಜ್ 5. ಅಂದರೆ ಒಂದು ಸೆಲ್ ಮೇಲೆ ಪೂರ್ತಿ 500 ಕೆಜಿ ಬಿದ್ದರೂ ಬರುವುದು 10 ಮಿಲಿವೋಲ್ಟ್ ಅಷ್ಟೇ. ನಾಲ್ಕನ್ನೂ ಜಂಕ್ಷನ್ ಬಾಕ್ಸ್‌ನಲ್ಲಿ ಸೇರಿಸಿದಾಗ ನಾಲ್ಕರ ಸರಾಸರಿ ಸಿಗುತ್ತದೆ. ಲೆಕ್ಕ ಹಾಕಿದರೆ 1 ಕೆಜಿಗೆ 5 ಮೈಕ್ರೋವೋಲ್ಟ್. ಹಾಗಾಗಿ ಡಿಸ್‌ಪ್ಲೇಯ ಒಂದು ಮೆಟ್ಟಿಲು 200 ಗ್ರಾಂ ಇರಲಿ ಅಂತ ಮೊದಲೇ ಹೇಳಿಬಿಟ್ಟೆ. ಮಾಲೀಕರಿಗೆ 50 ಗ್ರಾಂ ಬೇಕಿತ್ತು. ಅಂಕಿ ತೋರಿಸುವುದೇನು ಕಷ್ಟ ಅಲ್ಲ, ಆದರೆ ಆ ಅಂಕಿಯಲ್ಲಿ ಹುರುಳಿರುವುದಿಲ್ಲ.

ಮೊದಲ ದಿನ ಪಿಎಲ್‌ಸಿ ಮುಟ್ಟಲೇ ಇಲ್ಲ. ಒಂದೊಂದೇ ಸೆಲ್‌ನ ಸಿಗ್ನಲ್ ವೈರ್ ಬಿಚ್ಚಿ, 0.01 ಮಿಲಿವೋಲ್ಟ್ ತನಕ ತೋರಿಸುವ ಮೀಟರ್ ಹಿಡಿದು ನೋಡಿದೆ. ಖಾಲಿ ತಟ್ಟೆಯ ತೂಕ ಸುಮಾರು 120 ಕೆಜಿ. ನಾಲ್ಕು ಕಾಲಿಗೆ ಹಂಚಿದರೆ ಒಂದೊಂದರಲ್ಲಿ 0.6 ಮಿಲಿವೋಲ್ಟ್ ಬರಬೇಕು. ನನಗೆ ಸಿಕ್ಕಿದ್ದು ಎದುರುಬದುರು ಮೂಲೆಯ ಎರಡರಲ್ಲಿ 1.0, ಉಳಿದೆರಡರಲ್ಲಿ 0.2. ಕುಂಟು ಮಂಚದ ಕಥೆಯೇ. ಎರಡು ಕಾಲು ಭಾರ ಹೊತ್ತಿವೆ, ಇನ್ನೆರಡು ಸುಮ್ನೆ ನೆಲ ಮುಟ್ಟಿ ನಿಂತಿವೆ. ಇದನ್ನು ಜಂಕ್ಷನ್ ಬಾಕ್ಸ್‌ನ ಸಿಗ್ನಲ್ ಹೆಚ್ಚುಕಡಿಮೆ ಮಾಡುವ ಪಾಟ್ ತಿರುಗಿಸಿ ಸರಿ ಮಾಡಲು ಹೋದರೆ ಗೋಳು ತಪ್ಪುವುದಿಲ್ಲ. ಹಗುರ ಇದ್ದ ಕಾಲುಗಳ ಕೆಳಗೆ ತಗಡಿನ ಶಿಮ್ ಕೊಟ್ಟು, ನಾಲ್ಕೂ 0.55ರಿಂದ 0.65ರ ಒಳಗೆ ಬರುವ ತನಕ ಕೂತೆ. ಆಮೇಲೆ 100 ಕೆಜಿಯಷ್ಟು ತೂಕದ ಕಲ್ಲುಗಳನ್ನು ಒಂದೊಂದು ಮೂಲೆಯಲ್ಲಿಟ್ಟು ನೋಡಿದಾಗ, ಪಾಟ್‌ಗೆ ಉಳಿದಿದ್ದು ಸಣ್ಣ ವ್ಯತ್ಯಾಸ ಮಾತ್ರ.

ಕ್ಯಾಲಿಬ್ರೇಷನ್‌ಗೆ ನಮ್ಮ ಹತ್ತಿರ ಇದ್ದಿದ್ದು 20 ಕೆಜಿಯ ಹತ್ತು ಕಲ್ಲು, ಒಟ್ಟು 200 ಕೆಜಿ. ಕರೆಂಟ್ ಕೊಟ್ಟು ಅರ್ಧ ಗಂಟೆ ಬಿಟ್ಟೆ. ತುಂಬಿದ ಟ್ರಾಲಿಯನ್ನು ಮೂರು ಸಲ ಹತ್ತಿಸಿ ಇಳಿಸಿದೆವು, ಸೆಲ್‌ಗಳು ಒಮ್ಮೆ ಮೈಮುರಿಯಲಿ ಅಂತ. ಖಾಲಿ ಇದ್ದಾಗ ಪ್ರೋಗ್ರಾಂಗೆ ಬಂದ ಕಚ್ಚಾ ಅಂಕಿ, ಅಂದರೆ ಕೌಂಟ್, 61,240. 200 ಕೆಜಿ ಇಟ್ಟಾಗ 1,63,300. ಎರಡನ್ನೂ ಕಳೆದು ಭಾಗಿಸಿದರೆ ಕೆಜಿಗೆ 510.3 ಕೌಂಟ್.

ಇಲ್ಲಿಗೆ ನಿಲ್ಲಿಸುವವರೇ ಜಾಸ್ತಿ. ಆದರೆ ಕೆಲಸ ನಡೆಯುವುದು 400, 500 ಕೆಜಿಯಲ್ಲಿ ಅಲ್ವಾ? ಕಲ್ಲು ಇಳಿಸಿ, ಅದೇ 200 ಬರುವ ತನಕ ಫೀಡ್ ಚೀಲ ಪೇರಿಸಿದೆವು. ಅದರ ಮೇಲೆ ಮತ್ತೆ ಕಲ್ಲು ಇಟ್ಟರೆ 400. ಮತ್ತೆ ಕಲ್ಲು ಇಳಿಸಿ, ಚೀಲ ಪೇರಿಸಿ, ಕಲ್ಲು ಇಟ್ಟರೆ 600. ಹಮಾಲಿಗಳು ಗೊಣಗಿದರು, ಟೀ ತರಿಸಿದೆ. 400ರಲ್ಲಿ 399.8 ಬಂತು, ಪರವಾಗಿಲ್ಲ. 600ರಲ್ಲಿ 597.2! ಕಡಿಮೆ ತೂಕದಲ್ಲಿ ಸರಿ ಇದ್ದು ಮೇಲೆ ಹೋದಂತೆ ಹಿಂದೆ ಬಿದ್ದರೆ, ತಟ್ಟೆ ಬಗ್ಗಿ ಎಲ್ಲೋ ತಾಗುತ್ತಿದೆ, ಭಾರದ ಒಂದು ಪಾಲು ಸೆಲ್ ಬಿಟ್ಟು ಬೇರೆ ದಾರಿಯಲ್ಲಿ ನೆಲಕ್ಕೆ ಇಳಿಯುತ್ತಿದೆ ಅಂತ ಅರ್ಥ. ಟಾರ್ಚ್ ಬಿಟ್ಟು ನೋಡಿದರೆ, ತಟ್ಟೆಯ ಅಂಚಿಗೂ ಹೊರ ಫ್ರೇಮಿಗೂ ನಡುವಿನ ಸಂದಿಯಲ್ಲಿ ತವುಡು ಗಟ್ಟಿಯಾಗಿ ಕೂತಿತ್ತು, ಚೀಲ ಹೊಲಿಯುವ ದಾರದ ಸಮೇತ. ಹ್ಯಾಕ್‌ಸಾ ಬ್ಲೇಡ್ ಹಾಕಿ ಕೆರೆದು ತೆಗೆದ ಮೇಲೆ 599.8.

ಮರುದಿನ ಬೆಳಿಗ್ಗೆ ಉತ್ಪಾದನೆ ಶುರುವಾದ ಅರ್ಧ ಗಂಟೆಗೆ ಆಪರೇಟರ್ ಬಂದರು. "ಸಾರ್, ತೂಕ ಉಯ್ಯಾಲೆ ಆಡ್ತಾ ಇದೆ, ಸ್ವಲ್ಪ ಬನ್ನಿ."

ನಿಜವಾಗಿಯೂ ಉಯ್ಯಾಲೆ. ಟ್ರಾಲಿ ಅಲುಗಾಡದೆ ನಿಂತಿದೆ, ಅಂಕಿ ಮಾತ್ರ ನಿಧಾನಕ್ಕೆ ಒಂದೂವರೆ ಕೆಜಿ ಮೇಲೆ, ಒಂದೂವರೆ ಕೆಜಿ ಕೆಳಗೆ. ಪಕ್ಕದಲ್ಲೇ ಹ್ಯಾಮರ್ ಮಿಲ್ ಇದೆ, ಅದನ್ನು ನಿಲ್ಲಿಸಿದರೆ ಅಂಕಿ ಕಲ್ಲಿನಂತೆ ನಿಲ್ಲುತ್ತದೆ. ಅಂದರೆ ಮಿಲ್‌ನ ಅದುರು. ಆದರೆ ಮಿಲ್ ಅದುರುವುದು ಸೆಕೆಂಡಿಗೆ ಇಪ್ಪತ್ತಕ್ಕೂ ಜಾಸ್ತಿ ಸಲ. ಅಂಕಿ ತೂಗುವುದು ಎರಡೂವರೆ ಸೆಕೆಂಡಿಗೆ ಒಂದು ಸಲ. ಇದು ಹೊಂದಲೇ ಇಲ್ಲ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಸರಾಸರಿ ಜಾಸ್ತಿ ಮಾಡಿದೆ. ಹತ್ತು ರೀಡಿಂಗ್‌ನ ಸರಾಸರಿಗೆ ಏನೂ ಆಗಲಿಲ್ಲ. ಐವತ್ತು ಮಾಡಿದೆ. ಉಯ್ಯಾಲೆ ತಗ್ಗಿತು, ಆದರೆ ಅಂಕಿ ಹಿಂದೆ ಬಿದ್ದು ಫೀಡರ್ ನಿಲ್ಲುವಷ್ಟರಲ್ಲಿ ಜೋಳ ನಾಲ್ಕು ಕೆಜಿ ಹೆಚ್ಚು ಬೀಳತೊಡಗಿತು.

ಸುಳಿವು ಕೊಟ್ಟಿದ್ದು ಆಪರೇಟರ್ರೇ. "ಮಿಲ್ ಖಾಲಿ ಓಡುವಾಗ ಇನ್ನೂ ನಿಧಾನ ತೂಗುತ್ತೆ ಸಾರ್, ಜೋಳ ಬಿದ್ದ ಮೇಲೆ ಬೇಗ ಬೇಗ." ಮೋಟರ್ ನಾಲ್ಕು ಪೋಲಿನದು, ಮಿಲ್‌ಗೆ ನೇರ ಕಪ್ಲಿಂಗ್. ಲೋಡ್ ಮೇಲೆ ಟ್ಯಾಕೋಮೀಟರ್ ಹಿಡಿದರೆ 1,476 ಸುತ್ತು, ಸೆಕೆಂಡಿಗೆ 24.6. ಖಾಲಿ ಓಡುವಾಗ ಸುಮಾರು 1,495, ಸೆಕೆಂಡಿಗೆ 24.9. ಇನ್ನು ನನ್ನ ಪ್ರೋಗ್ರಾಂ ತೂಕ ಓದುತ್ತಿದ್ದಿದ್ದು 40 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸರಿಯಾಗಿ 25 ಸಲ. ಅಲ್ಲಿ ಸಿಕ್ಕಿಬಿತ್ತು.

ಮಿಲ್ ಒಂದು ಸುತ್ತು ಮುಗಿಸುವಷ್ಟರಲ್ಲಿ ನಾನೂ ಒಂದು ಸಲ ಓದುತ್ತಿದ್ದೆ. ಪ್ರತಿ ಸಲವೂ ಅದುರಿನ ಹೆಚ್ಚುಕಡಿಮೆ ಅದೇ ಜಾಗ ಕಣ್ಣಿಗೆ ಬೀಳುತ್ತಿತ್ತು, ಸ್ವಲ್ಪವೇ ಸರಿದು. ಸಿನಿಮಾದಲ್ಲಿ ಓಡುವ ಜೀಪಿನ ಚಕ್ರ ನಿಧಾನಕ್ಕೆ ಹಿಂದೆ ತಿರುಗಿದಂತೆ ಕಾಣುತ್ತದಲ್ಲ, ಅದೇ ಮಾಟ. 25ರಲ್ಲಿ 24.6 ಕಳೆದರೆ 0.4, ಅಂದರೆ ಎರಡೂವರೆ ಸೆಕೆಂಡಿಗೆ ಒಂದು ತೂಗು. ಮಿಲ್ ಖಾಲಿ ಇದ್ದಾಗ 0.1, ಹತ್ತು ಸೆಕೆಂಡಿಗೆ ಒಂದು. ಖಾತ್ರಿ ಮಾಡಿಕೊಳ್ಳಲು ಟಾಸ್ಕ್ ಸಮಯವನ್ನು, ಅಂದರೆ ಎರಡು ಓದಿನ ನಡುವಿನ ಅಂತರವನ್ನು, 30 ಮಿಲಿಸೆಕೆಂಡ್ ಮಾಡಿದೆ. ಉಯ್ಯಾಲೆ ಮಾಯ, ಅದರ ಜಾಗದಲ್ಲಿ ಅಂಕಿಯ ಗಡಗಡ ನಡುಕ. ಒಮ್ಮೆ ನಿಧಾನದ ತೂಗಾಗಿ ಒಳಗೆ ಬಂದ ಅದುರನ್ನು ಆಮೇಲೆ ಯಾವ ಸರಾಸರಿಯೂ ಬೇರ್ಪಡಿಸಲಾರದು. ಪಿಎಲ್‌ಸಿಗೆ ಅದು ನಿಜವಾದ ತೂಕದ ಬದಲಾವಣೆಯಂತೆಯೇ ಕಾಣುತ್ತದೆ.

ತೂಕದ ಮಾಡ್ಯೂಲ್ ಸೆಕೆಂಡಿಗೆ 100 ಸ್ಯಾಂಪಲ್ ಕೊಡುತ್ತಿತ್ತು. ಅದರ ಒಳಗಿನ ಫಿಲ್ಟರ್ ಅನ್ನು ನಾನೇ ಜಾಣತನ ಮಾಡಿ ಆಫ್ ಮಾಡಿದ್ದೆ, ಎಲ್ಲವೂ ನನ್ನ ಪ್ರೋಗ್ರಾಂನಲ್ಲೇ ಇರಲಿ ಅಂತ. ತೂಕ ಅಂದರೆ ನಿಧಾನದ ವಿಷಯ, 40 ಮಿಲಿಸೆಕೆಂಡ್ ಸಾಕು ಅಂತ ನಾಲ್ಕರಲ್ಲಿ ಮೂರು ಸ್ಯಾಂಪಲ್ ಬಿಟ್ಟುಬಿಡುತ್ತಿದ್ದೆ. ಈಗ ಟಾಸ್ಕ್ ವೇಗ ಹೆಚ್ಚಿಸಿ ಪ್ರತಿ ಸ್ಯಾಂಪಲ್ಲನ್ನೂ ಹಿಡಿದೆ. ಮಾಡ್ಯೂಲ್‌ನ ಸ್ಯಾಂಪಲ್ ಸಂಖ್ಯೆ ಬದಲಾದಾಗ ಮಾತ್ರ ಲೆಕ್ಕ ಓಡುತ್ತದೆ:

```
IF seq <> seq_old THEN
    seq_old := seq;
    sum := sum - buf[i] + raw;
    buf[i] := raw;
    i := (i + 1) MOD 20;
    avg := DINT_TO_REAL(sum) / 20.0;
    gross := (avg - zero_raw) / cnt_per_kg;
END_IF;
```

ಇಪ್ಪತ್ತೇ ಯಾಕೆ? ಇಪ್ಪತ್ತು ಸ್ಯಾಂಪಲ್ ಅಂದರೆ 200 ಮಿಲಿಸೆಕೆಂಡ್. ಅಷ್ಟರಲ್ಲಿ ಮಿಲ್ ಹೆಚ್ಚುಕಡಿಮೆ ಐದು ಪೂರ್ತಿ ಸುತ್ತು ತಿರುಗಿರುತ್ತದೆ. ಪೂರ್ತಿ ಸುತ್ತುಗಳ ಮೇಲೆ ಸರಾಸರಿ ತೆಗೆದರೆ ಮೇಲಿನ ಅರ್ಧ, ಕೆಳಗಿನ ಅರ್ಧ ಒಂದನ್ನೊಂದು ತಿಂದುಹಾಕುತ್ತವೆ. ಈ ಲೆಕ್ಕದಲ್ಲಿ 24.6ರ ಅದುರು ಐವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದೂವರೆ ಕೆಜಿಯ ಕುಣಿತ 30 ಗ್ರಾಂಗೆ ಬಂತು, 200 ಗ್ರಾಂ ಮೆಟ್ಟಿಲಿನ ಡಿಸ್‌ಪ್ಲೇಯಲ್ಲಿ ಅದು ಕಾಣುವುದೇ ಇಲ್ಲ. ಸರಾಸರಿಯಿಂದ ಆಗುವ ತಡ ಬರೀ 100 ಮಿಲಿಸೆಕೆಂಡ್. `sum` ಅನ್ನು ಪೂರ್ಣಾಂಕದಲ್ಲೇ ಇಡಿ. `REAL` ಮಾಡಿದರೆ ಕೂಡಿ ಕಳೆದು ದಿನಗಟ್ಟಲೆ ಓಡುವಾಗ ಸಣ್ಣ ತಪ್ಪುಗಳು ಸೇರಿಕೊಳ್ಳಬಹುದು. ಮಿಲ್‌ಗೆ ವೇಗ ಬದಲಿಸುವ ಡ್ರೈವ್ ಇದ್ದರೆ ಮಾತ್ರ ಈ ಉಪಾಯ ಹೀಗೇ ನಡೆಯದು. ಸುತ್ತು ಬದಲಾದಂತೆ ಸರಾಸರಿ ತೆಗೆಯುವ ಕಿಟಕಿಯ ಉದ್ದವೂ ಬದಲಾಗಬೇಕು.

ಕೊನೆಗೆ ಜೀರೋ ಟ್ರ್ಯಾಕಿಂಗ್. ಖಾಲಿ ತಟ್ಟೆಯ ಮೇಲೆ ಧೂಳು ಕೂರುತ್ತದೆ, ಬಿಸಿಲು ಏರಿದಂತೆ ಸೆಲ್ ಸ್ವಲ್ಪ ಸರಿಯುತ್ತದೆ. ಅಂಕಿ 0.2, 0.4 ಅಂತ ಏರುತ್ತಾ ಹೋಗದಂತೆ ಪ್ರೋಗ್ರಾಂ ಸೊನ್ನೆಯನ್ನು ತಾನೇ ಹಿಂದೆ ಎಳೆಯುತ್ತಿರಬೇಕು. ನಾನು ಮಾಡಿದ ತಪ್ಪು, ಟ್ರಾಲಿಯ ತೂಕ ಕಳೆದ ನೆಟ್ ತೂಕದ ಮೇಲೆ ಇದನ್ನು ಕಟ್ಟಿದ್ದು. ಖನಿಜ ಮಿಶ್ರಣ ಹಾಕುವ ಸಣ್ಣ ಸ್ಕ್ರೂ ಫೀಡರ್ ಸೆಕೆಂಡಿಗೆ 60 ಗ್ರಾಂ ಬಿಡುತ್ತದೆ. ನನ್ನ ಟ್ರ್ಯಾಕಿಂಗ್ ಸೆಕೆಂಡಿಗೆ 100 ಗ್ರಾಂ ತಿನ್ನಬಲ್ಲದು. 3 ಕೆಜಿ ಬೀಳಬೇಕಿತ್ತು. 25 ಕೆಜಿ ಚೀಲ ಸುರಿದಿದ್ದ ತೊಟ್ಟಿ ಏಳು ನಿಮಿಷದಲ್ಲಿ ಖಾಲಿಯಾಯಿತು. ಡಿಸ್‌ಪ್ಲೇ ಮಾತ್ರ ಅಷ್ಟೂ ಹೊತ್ತು 0.0. ಆ ಬ್ಯಾಚ್ ಎಸೆದರು, ಮಾಲೀಕರು ನನ್ನ ಜೊತೆ ಒಂದು ದಿನ ಮಾತಾಡಲಿಲ್ಲ.

ತೂಕದ ಯಂತ್ರಗಳ ಅಂತರರಾಷ್ಟ್ರೀಯ ನಿಯಮ ಓಐಎಂಎಲ್ ಆರ್ 76ರಲ್ಲಿ ಇದಕ್ಕೆ ಬೇಲಿ ಇದೆ. ಒಟ್ಟು ತೂಕ ಸೊನ್ನೆಯಲ್ಲಿದ್ದಾಗ, ಅಂಕಿ ನಿಂತಿದ್ದಾಗ ಮಾತ್ರ ತಿದ್ದಬೇಕು. ತಿದ್ದುವ ವೇಗ ಸೆಕೆಂಡಿಗೆ ಅರ್ಧ ಮೆಟ್ಟಿಲು ಮೀರಬಾರದು. ನನ್ನ ವೇಗ ಅಷ್ಟರೊಳಗೇ ಇತ್ತು, ಎಡವಿದ್ದು ನೆಟ್ ತೂಕದಲ್ಲಿ. ಈಗ ಇರುವುದು ಹೀಗೆ:

```
IF idle AND stable AND ABS(gross) < 0.4 THEN
    zstep := LIMIT(-0.25, gross * cnt_per_kg, 0.25);
    zero_raw := zero_raw + zstep;
END_IF;
```

ಇದೂ ಮೇಲಿನ ಬ್ಲಾಕ್ ಒಳಗೇ, ಹೊಸ ಸ್ಯಾಂಪಲ್ ಬಂದಾಗ ಮಾತ್ರ ಓಡುತ್ತದೆ. ಸೆಕೆಂಡಿಗೆ ಹೆಚ್ಚೆಂದರೆ 50 ಗ್ರಾಂ. `idle` ಅಂದರೆ ಯಾವ ಬ್ಯಾಚೂ ಓಡುತ್ತಿಲ್ಲ ಅಂತ.

ಕ್ಯಾಲಿಬ್ರೇಷನ್ ದಿನದ ಸೊನ್ನೆಯನ್ನು ಬೇರೆಯಾಗಿ ಉಳಿಸಿಟ್ಟಿದ್ದೇನೆ. ಇವತ್ತಿನ ಸೊನ್ನೆ ಅದರಿಂದ ಎಷ್ಟು ದೂರ ಹೋಗಿದೆ ಅನ್ನುವುದು ಸ್ಕ್ರೀನಿನ ಮೂಲೆಯಲ್ಲಿ ಕಾಣುತ್ತದೆ. ಆ ನಿಯಮ 600 ಕೆಜಿಗೆ 24 ಕೆಜಿ ತನಕ ಬಿಡುತ್ತದೆ, ನಾನು 6 ಕೆಜಿಗೇ ಅಲಾರಂ ಇಟ್ಟೆ. ಈಗ ಅಲಾರಂ ತನಕ ಹೋಗುವುದೇ ಇಲ್ಲ. ಮೂಲೆಯ ಅಂಕಿ 3 ದಾಟಿದರೆ ಆಪರೇಟರ್ ಮಿಲ್ ನಿಲ್ಲಿಸಿ, ಪೊರಕೆ ಮತ್ತು ಆ ಹ್ಯಾಕ್‌ಸಾ ಬ್ಲೇಡ್ ಹಿಡಿದು ತಟ್ಟೆಯ ಸಂದಿಗೆ ಬಗ್ಗುತ್ತಾರೆ.